ಇಪ್ಪತ್ತು ನಿಮಿಷದಲ್ಲಿ ಹಳೆಯ ಮನೆಯ ಮುಂಭಾಗವನ್ನು ಓದುವ ಬಗೆ

ಚಿಕ್ಕಬಳ್ಳಾಪುರದ ಹಳೆಯ ಪೇಟೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಎರಡಂತಸ್ತಿನ ಮನೆಯೊಂದಿದೆ. ಜನ ವಾಸವಿರುವ ಮನೆಯಾದ್ದರಿಂದ ಬೀದಿಯ ಹೆಸರನ್ನು ಹೇಳುವುದಿಲ್ಲ. ಎಡಭಾಗದಲ್ಲಿ ಶಟರ್ ಹಾಕಿದ ಅಂಗಡಿ, ನಡುವೆ ದಪ್ಪ ಚೌಕಟ್ಟಿನ ಬಾಗಿಲು, ಬಲಕ್ಕೆ ಅರ್ಧ ಉಳಿದ ಜಗಲಿ. ಮೇಲೆ ಸಾಲಾಗಿ ಕಮಾನು ಕಿಟಕಿಗಳು. ಅವುಗಳ ಮೇಲೆ ತ್ರಿಕೋನಾಕಾರದ ಗಾರೆಯ ಮುಕುಟ, ಅದರಲ್ಲಿ ಉಬ್ಬಾಗಿ ಮೂಡಿಸಿದ 1934 ಎಂಬ ಅಂಕಿ. ಪರಂಪರೆ ನಡಿಗೆಗೆ ಬಂದವರು ಸಾಮಾನ್ಯವಾಗಿ ಆ ಅಂಕಿಯ ಫೋಟೋ ತೆಗೆದುಕೊಂಡು, ‘ತೊಂಬತ್ತು ವರ್ಷದ ಮನೆ’ ಎಂದು ಹೇಳಿಕೊಂಡು ಮುಂದೆ ಹೋಗುತ್ತಾರೆ. ಆ ಮನೆಯ ಮುಂಭಾಗದಲ್ಲಿ ಕನಿಷ್ಠ ಐದು ಕಾಲದ ಕೆಲಸ ಇದೆ. ಅವು ಯಾವ ಕ್ರಮದಲ್ಲಿ ಬಂದವು ಎಂಬುದನ್ನು ಏಣಿ, ಉಳಿ, ಅಳತೆ ಟೇಪು ಯಾವುದೂ ಇಲ್ಲದೆ ರಸ್ತೆಯಲ್ಲಿ ನಿಂತೇ ಬಹುಪಾಲು ಹೇಳಬಹುದು. ಹೇಗೆ ಎಂಬುದನ್ನು ಇದೇ ಮನೆಯನ್ನು ಮುಂದಿಟ್ಟುಕೊಂಡು ಬರೆಯುತ್ತೇನೆ.

ಟೇಪು ಬೇಡ ಎಂದದ್ದಕ್ಕೆ ಕಾರಣವಿದೆ. ನಮ್ಮ ಊರುಗಳ ಪೇಟೆ ಬೀದಿಯಲ್ಲಿ ಯಾರಾದರೂ ಟೇಪು ಬಿಚ್ಚಿದರೆ ರಸ್ತೆ ಅಗಲ ಮಾಡುವವರು ಬಂದರು ಎಂದೇ ಅರ್ಥ. ಒಂದು ಪುಸ್ತಕ, ಪೆನ್ಸಿಲ್, ಮೊಬೈಲ್ ಸಾಕು. ಅಳತೆಗೆ ನಿಮ್ಮ ಗೇಣು ಮತ್ತು ಹೆಜ್ಜೆ ಎಷ್ಟುದ್ದ ಎಂಬುದು ಗೊತ್ತಿರಲಿ.

ಹೋಗುವ ಹೊತ್ತು

ಪೂರ್ವಕ್ಕೆ ಮುಖ ಮಾಡಿದ ಗೋಡೆಯನ್ನು ಬೆಳಗ್ಗೆ ಎಂಟಕ್ಕೆ ನೋಡಿದರೆ ಬಿಸಿಲು ನೇರವಾಗಿ ಮುಖಕ್ಕೆ ಬಿದ್ದು ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಹನ್ನೊಂದೂವರೆಯ ಸುಮಾರಿಗೆ ಹೋಗಿ. ಬಿಸಿಲು ಇನ್ನೇನು ಗೋಡೆಯನ್ನು ಬಿಟ್ಟು ಹೋಗುವ ಹೊತ್ತಿನಲ್ಲಿ ಕಿರಣಗಳು ಗೋಡೆಯನ್ನು ಸವರಿಕೊಂಡು ಇಳಿಯುತ್ತವೆ. ಆಗ ಒಂದು ಬೆರಳಿನ ಉಗುರಿನಷ್ಟು ಉಬ್ಬು ಇದ್ದರೂ ಅದಕ್ಕೊಂದು ನೆರಳು ಬರುತ್ತದೆ. ಮುಚ್ಚಿದ ಕಿಟಕಿ, ತೇಪೆ ಹಾಕಿದ ಗಾರೆ, ಕಿತ್ತುಹೋದ ಬೊಂಬೆಯ ಜಾಗ, ಎಲ್ಲವೂ ಆ ಹದಿನೈದು ನಿಮಿಷದಲ್ಲಿ ತಾವಾಗಿ ಎದ್ದು ಬರುತ್ತವೆ. ಪಶ್ಚಿಮದ ಗೋಡೆಗೆ ಮಧ್ಯಾಹ್ನ ಹನ್ನೆರಡೂವರೆ, ಒಂದು ಗಂಟೆಯ ಹೊತ್ತು ಸರಿ. ಮಳೆ ನಿಂತ ಮೇಲಿನ ಅರ್ಧ ಗಂಟೆಯೂ ಒಳ್ಳೆಯದು. ಸುಣ್ಣದ ಗಾರೆ ಮತ್ತು ಸಿಮೆಂಟ್ ನೀರು ಕುಡಿಯುವ ವೇಗ ಬೇರೆ, ಒಣಗುವ ವೇಗವೂ ಬೇರೆ. ಒಂದೇ ಬಣ್ಣದ ಗೋಡೆಯ ಮೇಲೆ ತೇಪೆಗಳು ನಕ್ಷೆಯಂತೆ ಕಾಣುತ್ತವೆ.

ಮೊದಲು ಎದುರು ದಡದಿಂದ ಎಣಿಸಿ

ಮನೆಯ ಹತ್ತಿರ ಹೋಗಬೇಡಿ. ಎದುರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಎಣಿಸಿ: ಮೇಲೆ ಎಷ್ಟು ಕಿಟಕಿ, ಕೆಳಗೆ ಎಷ್ಟು ತೆರಪು, ಮುಕುಟ ಯಾವುದರ ನೆತ್ತಿಯ ಮೇಲಿದೆ, ಬಾಗಿಲು ಯಾವುದರ ಕೆಳಗಿದೆ. ಹಳೆಯ ಕಾಲದ ಗಾರೆ ಕೆಲಸದವರು ಮುಂಭಾಗವನ್ನು ನಡುಗೆರೆ ಹಿಡಿದು ಎರಡೂ ಕಡೆ ಸಮವಾಗಿ ಮಾಡುತ್ತಿದ್ದರು. ಆ ಸಮ ಎಲ್ಲಿ ತಪ್ಪಿದೆಯೋ ಅಲ್ಲಿ ಏನೋ ನಡೆದಿದೆ ಎಂದು ಮೊದಲ ಅನುಮಾನ ಇಟ್ಟುಕೊಳ್ಳಬಹುದು.

ನಮ್ಮ ಮನೆಯಲ್ಲಿ ಮೇಲೆ ನಾಲ್ಕು ಕಿಟಕಿ ಕಾಣುತ್ತವೆ. ಮುಕುಟ ಮೂರನೆಯದರ ಮೇಲಿದೆ, ಬಾಗಿಲು ಅದರ ಕೆಳಗೆ ಸರಿಯಾಗಿ ಇದೆ. ಎಡಕ್ಕೆ ಎರಡು ಕಿಟಕಿ, ಬಲಕ್ಕೆ ಒಂದೇ, ಅದರಾಚೆ ಬೋಳು ಗೋಡೆ. ಹಾಗಾದರೆ ಬಲತುದಿಯಲ್ಲಿ ಐದನೆಯ ಕಿಟಕಿ ಇದ್ದಿರಬೇಕು. ಇದು ಊಹೆ ಮಾತ್ರ, ಕೆಲವು ಮನೆಗಳು ಹುಟ್ಟುವಾಗಲೇ ಓರೆಯಾಗಿರುತ್ತವೆ. ಆದರೆ ಎಲ್ಲಿ ನೋಡಬೇಕು ಎಂಬುದನ್ನು ಈ ಊಹೆ ಹೇಳಿಬಿಡುತ್ತದೆ. ಎರಡು ಕಿಟಕಿಗಳ ನಡುವಿನ ದೂರವನ್ನು ಕಣ್ಣಲ್ಲೇ ಅಳೆದು, ಅಷ್ಟೇ ದೂರ ಬಲಕ್ಕೆ ಸರಿದು ನೋಡಿದೆ. ಹನ್ನೊಂದೂ ನಲವತ್ತರ ಬಿಸಿಲಿನಲ್ಲಿ ಕೂದಲೆಳೆಯಷ್ಟು ತೆಳುವಾದ ಬಿರುಕು ಕಮಾನಿನ ಆಕಾರದಲ್ಲಿ ಬಾಗಿ ಇಳಿದಿತ್ತು. ತೆರಪನ್ನು ಇಟ್ಟಿಗೆಯಿಂದ ಮುಚ್ಚಿದಾಗ ಹಳೆಯ ಗೋಡೆಗೂ ಹೊಸ ತುಂಬುವಿಕೆಗೂ ಬೆಸುಗೆ ಕೂಡುವುದಿಲ್ಲ. ಮೇಲೆ ಎಷ್ಟೇ ಗಾರೆ ಬಳಿದರೂ ಬೇಸಿಗೆ, ಮಳೆ ಎಂದು ಎರಡೂ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗಿ ಆ ಗೆರೆ ಮತ್ತೆ ಮತ್ತೆ ಬಿಡುತ್ತದೆ. ನೇರವಾದ ಅಥವಾ ಲೆಕ್ಕಾಚಾರದ ಆಕಾರದ ಬಿರುಕು ಕಂಡರೆ ಮೊದಲು ಮುಚ್ಚಿದ ತೆರಪೇ ಎಂದು ನೋಡಿ. ಸುಮ್ಮನೆ ಬಿಟ್ಟ ಬಿರುಕಿಗೆ ಅಷ್ಟು ಅಚ್ಚುಕಟ್ಟು ಇರುವುದಿಲ್ಲ.

ಇನ್ನೊಂದು ವಿಷಯ. ನಾಲ್ಕನೆಯ ಕಿಟಕಿಗೂ ಮುಚ್ಚಿದ ಐದನೆಯದಕ್ಕೂ ನಡುವೆ ನೆತ್ತಿಯಿಂದ ನೆಲದವರೆಗೆ ಗೋಡೆಯ ಬಣ್ಣ ಬದಲಾಗುತ್ತದೆ: ಒಂದು ಕಡೆ ಹಳದಿ, ಇನ್ನೊಂದು ಕಡೆ ತಿಳಿಹಸಿರು. ಇದು ಕಟ್ಟಡದ ಗೆರೆಯಲ್ಲ, ಪಾಲಿನ ಗೆರೆ. ಅಣ್ಣ ತಮ್ಮಂದಿರು ಮನೆ ಭಾಗ ಮಾಡಿಕೊಂಡಾಗ ಕಮಾನಿನ ನಟ್ಟನಡುವೆ, ಕೆಲವೊಮ್ಮೆ ಗಾರೆ ಸಿಂಹದ ಹೊಟ್ಟೆಯ ಮೇಲೆಯೇ ಈ ಗೆರೆ ಹಾದುಹೋಗಿರುವುದನ್ನು ನೋಡಿದ್ದೇನೆ. ಅದನ್ನು ಎರಡು ಬೇರೆ ಕಾಲದ ಕಟ್ಟಡಗಳು ಎಂದು ಬರೆದುಕೊಳ್ಳಬೇಡಿ. ಬಣ್ಣದ ಕೆಳಗೆ ಗಾರೆಯ ಪಟ್ಟಿ ಎಡದಿಂದ ಬಲಕ್ಕೆ ತುಂಡಾಗದೆ ಓಡುತ್ತಿದ್ದರೆ ಗೋಡೆ ಒಂದೇ. ಇಲ್ಲಿ ಓಡುತ್ತದೆ.

ಇಸವಿಯನ್ನು ಕೊನೆಗೆ ನಂಬಿ

ಮುಂಭಾಗ ಓದುವ ಕೆಲಸದಲ್ಲಿ ನಿಜವಾದ ಪ್ರಶ್ನೆ ‘ಯಾವ ವರ್ಷ’ ಎಂಬುದಲ್ಲ, ‘ಯಾವುದರ ನಂತರ ಯಾವುದು’ ಎಂಬುದು. ಒಂದು ಇನ್ನೊಂದನ್ನು ಮುಚ್ಚಿದ್ದರೆ, ಕತ್ತರಿಸಿದ್ದರೆ, ಅದಕ್ಕೆ ಆನಿಕೊಂಡಿದ್ದರೆ, ಮುಚ್ಚಿದ್ದು, ಕತ್ತರಿಸಿದ್ದು, ಆನಿಕೊಂಡದ್ದು ಈಚಿನದು. ಈ ಒಂದು ಸೂತ್ರದಲ್ಲಿ ಮುಕ್ಕಾಲು ಕೆಲಸ ಮುಗಿಯುತ್ತದೆ. ಮುಕುಟದ ಇಸವಿ ಮುಕುಟಕ್ಕೆ ಮಾತ್ರ ಸಾಕ್ಷಿ.

ಈ ಮನೆಯಲ್ಲಿ ಮೇಲಂತಸ್ತಿನ ನೆಲದ ಮಟ್ಟದಲ್ಲಿ, ಸುಮಾರು ಹದಿಮೂರು ಅಡಿ ಎತ್ತರದಲ್ಲಿ, ಗೋಡೆಯಿಂದ ಒಂದು ಗೇಣು ಚಾಚಿದ ಎರಡು ಕಲ್ಲಿನ ದೋಣಿಗಳಿವೆ. ಮಳೆನೀರು ಸುರಿಯಲು ತಾರಸಿಗೆ ಇಡುವ ದೋಣಿಗಳು ಅವು. ಬಾಯಿಗೆ ಗಾರೆ ತುಂಬಿ ಮುಚ್ಚಿದ್ದಾರೆ. ಗೋಡೆಯ ನಟ್ಟನಡುವೆ ಮಳೆನೀರಿನ ದೋಣಿಗೆ ಏನು ಕೆಲಸ? ಮೇಲೆ ಬಾಲ್ಕನಿ ಇದ್ದಿದ್ದರೆ ಅದರ ನೀರಿಗೆ ಎನ್ನಬಹುದಿತ್ತು, ಆದರೆ ಮೇಲಿನ ಸಾಲಿನಲ್ಲಿ ಎಲ್ಲವೂ ಕಿಟಕಿಯೇ, ಹೊರಗೆ ಬರುವ ಬಾಗಿಲಿನ ಗುರುತೇ ಇಲ್ಲ. ಆದ್ದರಿಂದ ಒಂದು ಕಾಲದಲ್ಲಿ ಅದೇ ಮನೆಯ ನೆತ್ತಿಯಾಗಿತ್ತು. ಅದರ ಮೇಲೆ ಇನ್ನೊಂದು ಅಂತಸ್ತು ಆಮೇಲೆ ಏರಿದೆ. 1934 ಬಹುಶಃ ಮೇಲಂತಸ್ತಿನ ವರ್ಷ, ಕೆಳಗಿನ ಮನೆ ಅದಕ್ಕೂ ಹಿಂದಿನದು.

ಇಲ್ಲಿ ಒಂದು ಸುಲಭದ ತಪ್ಪು ಕಾದಿರುತ್ತದೆ. ಕೆಳಗಿನ ಕಿಟಕಿಯ ಪಕ್ಕದ ಗೋಡೆಯ ದಪ್ಪ ಎರಡು ಗೇಣಿಗೂ ಹೆಚ್ಚು, ಮೇಲಿನದು ಅದಕ್ಕಿಂತ ಬಹಳ ಕಡಿಮೆ. ‘ನೋಡಿ, ಬೇರೆ ಕಾಲದ ಗೋಡೆ’ ಎಂದು ಹೇಳಲು ನಾಲಿಗೆ ತುರಿಸುತ್ತದೆ. ಆದರೆ ಒಂದೇ ಸಲ ಕಟ್ಟಿದ ಮನೆಯಲ್ಲಿಯೂ ಮೇಲಿನ ಗೋಡೆಯನ್ನು ತೆಳ್ಳಗೆ ಮಾಡುವುದು ವಾಡಿಕೆ. ದಪ್ಪದ ವ್ಯತ್ಯಾಸ ಒಂದೇ ಸಾಕ್ಷಿಯಾಗಿ ನಿಲ್ಲುವುದಿಲ್ಲ. ದೋಣಿ ನಿಲ್ಲುತ್ತದೆ.

ಮಂಗಳೂರು ಹೆಂಚಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ನಮ್ಮ ಕಡೆಗೆ ನ್ಯಾರೋ ಗೇಜ್ ರೈಲು ಬಂದದ್ದು 1910ರ ದಶಕದಲ್ಲಿ. ಈ ಇಸವಿಗಳನ್ನು ಹಿಡಿದು, ಹೆಂಚಿನ ಮೇಲಿನ ಅಚ್ಚು ಓದಿ ಮನೆಯ ವಯಸ್ಸು ಹೇಳುವವರಿದ್ದಾರೆ. ಹೆಂಚು ಒಡೆಯುತ್ತದೆ, ಬದಲಾಗುತ್ತದೆ, ಕೆಡವಿದ ಇನ್ನೊಂದು ಮನೆಯಿಂದ ಗಾಡಿಯಲ್ಲಿ ಬರುತ್ತದೆ. ಅದು ಹೆಂಚಿನ ವಯಸ್ಸನ್ನು ಹೇಳುತ್ತದೆ, ಗೋಡೆಯದ್ದನ್ನಲ್ಲ.

ಇಲ್ಲದ್ದನ್ನು ಹುಡುಕುವುದು

ಈಗ ರಸ್ತೆ ದಾಟಿ ಹತ್ತಿರ ಹೋಗಿ. ಕಳೆದುಹೋದ ಮರದ ಕೆಲಸ ಎರಡು ಕಡೆ ಗುರುತು ಬಿಟ್ಟಿರುತ್ತದೆ: ಕೆಳಗೆ ಕಲ್ಲಿನಲ್ಲಿ, ಮೇಲೆ ಗೋಡೆಯಲ್ಲಿ. ಎರಡೂ ಒಂದಕ್ಕೊಂದು ಹೊಂದಿದರೆ ಮಾತ್ರ ನಂಬಬೇಕು.

ಉಳಿದ ಜಗಲಿಯ ಅಂಚುಗಲ್ಲಿನ ಮೇಲೆ ಎರಡು ಬೆರಳಗಲದ ಚೌಕ ಗುಳಿಗಳು ಮೂರು ಇವೆ, ಸುಮಾರು ಆರಾರು ಅಡಿಗೆ ಒಂದರಂತೆ. ಗುಳಿಯ ಸುತ್ತ ಒಂದು ಗೇಣಗಲದ ವೃತ್ತದಲ್ಲಿ ಕಲ್ಲು ಒರಟಾಗಿಯೇ ಇದೆ, ಅದರಾಚೆ ಕೂತೂ ಕೂತೂ ನುಣುಪಾಗಿದೆ. ಕಂಬ ನಿಂತ ಜಾಗದಲ್ಲಿ ಯಾರೂ ಕೂರಲಿಲ್ಲ. ಅಂದರೆ ಜಗಲಿಗೆ ಮರದ ಕಂಬಗಳಿದ್ದವು. ಕಂಬಗಳ ಮೇಲೆ ಮಾಡು ಇದ್ದಿರಬೇಕು. ಬಾಗಿಲಿನ ಮೇಲೆ ಹನ್ನೊಂದು ಅಡಿ ಎತ್ತರದಲ್ಲಿ, ಒಂದೂವರೆ ಅಡಿಗೆ ಒಂದರಂತೆ, ಮುಚ್ಚಿದ ಗೂಡುಗಳ ಸಾಲೊಂದು ಗಾರೆಯೊಳಗಿಂದ ಕಾಣುತ್ತದೆ. ಅವು ಮಾಡಿನ ಜಂತೆಗಳ ತುದಿ ಕೂತಿದ್ದ ಜಾಗಗಳು.

ಮೊದಲ ಸಲ ಹೋದಾಗ ನಾನು ಇಲ್ಲಿ ಎಡವಿದೆ. ಹದಿನಾರು ಅಡಿ ಎತ್ತರದಲ್ಲಿ ಇನ್ನೊಂದು ಸಾಲು ಗೂಡು ಕಂಡಿತು. ಮೇಲೂ ಒಂದು ಮಾಡು ಇತ್ತು, ಎರಡು ಅಂತಸ್ತಿನ ಪಡಸಾಲೆ ಇತ್ತು ಎಂದು ಪುಸ್ತಕದಲ್ಲಿ ಚಿತ್ರವನ್ನೂ ಬರೆದುಕೊಂಡು, ಜೊತೆಗಿದ್ದ ಹುಡುಗರಿಗೆ ಅದನ್ನೇ ವಿವರಿಸಿದೆ. ಪಕ್ಕದ ಓಣಿಗೆ ಹೋದಾಗ ಅದೇ ಎತ್ತರದಲ್ಲಿ, ಅದರ ಮೇಲೂ ನಾಲ್ಕೈದು ಅಡಿಗೊಂದು ಸಾಲಿನಂತೆ, ಅಂಥವೇ ಗೂಡುಗಳು. ಓಣಿಯ ಗೋಡೆಗೆ ಯಾರು ಪಡಸಾಲೆ ಕಟ್ಟುತ್ತಾರೆ? ಅವು ಸಾರುವೆಯ ಗೂಡುಗಳು. ಮೇಲಂತಸ್ತು ಕಟ್ಟುವಾಗ ಕೆಲಸದವರು ನಿಲ್ಲಲು ಮರ ತೂರಿಸಿ, ಕೆಲಸ ಮುಗಿದ ಮೇಲೆ ಇಟ್ಟಿಗೆ ಚೂರು ತುರುಕಿ ಮುಚ್ಚಿದ್ದು.

ಎರಡನ್ನೂ ಬೇರೆ ಮಾಡುವುದು ಹೀಗೆ. ಸಾರುವೆಯ ಗೂಡು ಗೋಡೆಯ ಎಲ್ಲ ಮುಖಗಳಲ್ಲೂ, ಹಲವು ಎತ್ತರಗಳಲ್ಲೂ ಬರುತ್ತದೆ, ನಡುವಿನ ದೂರ ಅಗಲವಾಗಿದ್ದು ಏರುಪೇರಾಗಿರುತ್ತದೆ. ಮಾಡಿನ ಗೂಡು ಒಂದೇ ಸಾಲು, ಒಂದೇ ಮಟ್ಟ, ಒತ್ತೊತ್ತಾಗಿ. ಅದರ ಮೇಲೆ ಒಂದು ಗೇಣಿನೊಳಗೆ ಅಡ್ಡಗೆರೆಯೊಂದು ಇರುತ್ತದೆ. ಹೆಂಚಿಗೂ ಗೋಡೆಗೂ ನಡುವೆ ನೀರು ಇಳಿಯದಂತೆ ಬಳಿದ ಗಾರೆಯ ದಿಂಡನ್ನು ಆಮೇಲೆ ಕೆತ್ತಿ ತೆಗೆದ ಗಾಯ ಅದು. ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಪಕ್ಕದ ಮನೆಯ ಗೋಡೆ. ನಮ್ಮ ಮನೆಯ ಬಲಕ್ಕಿರುವ ಮನೆ ಸ್ವಲ್ಪ ಮುಂದಕ್ಕೆ ಬಂದಿದೆ. ಅದರ ಬದಿಯ ಗೋಡೆಯ ಮೇಲೆ ಹನ್ನೊಂದು ಅಡಿಯಿಂದ ಎಂಟು ಅಡಿಗೆ ಇಳಿಯುವ ಓರೆಗೆರೆ ಸ್ಪಷ್ಟವಾಗಿದೆ. ಇಲ್ಲದ ಮಾಡಿನ ಇಳಿಜಾರು ಪಕ್ಕದವರ ಗೋಡೆಯಲ್ಲಿ ಉಳಿದಿದೆ.

ಎಡಭಾಗಕ್ಕೆ ಬಂದರೆ ಜಗಲಿಯೇ ಇಲ್ಲ. ಬಾಗಿಲಿನ ಪಕ್ಕ ಅಂಚುಗಲ್ಲು ತಟ್ಟನೆ ನಿಲ್ಲುತ್ತದೆ. ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ: ಬೇರೆ ಅಂಚುಗಳು ಸವೆದು ಗುಂಡಗಾಗಿವೆ, ಇದು ಮಾತ್ರ ಚೂಪಾಗಿದೆ. ಕಲ್ಲಿನ ಬಣ್ಣವೂ ಅಲ್ಲಿ ಹೊಸದಾಗಿ ಬೂದು. ಮೇಲಿನ ಗೂಡುಗಳ ಸಾಲು ಶಟರಿನ ಮೇಲೂ ಮುಂದುವರಿಯುತ್ತದೆ. ಜಗಲಿ, ಮಾಡು ಎರಡೂ ಮನೆಯುದ್ದಕ್ಕೂ ಇದ್ದವು, ಅಂಗಡಿಗಾಗಿ ಎಡಭಾಗವನ್ನು ಕತ್ತರಿಸಿದ್ದಾರೆ.

ಮೆಟ್ಟಿಲನ್ನು ಎಣಿಸುವುದು ಮರೆಯಬೇಡಿ. ಹೊಸ್ತಿಲಿಗೆ ಈಗ ಒಂದೇ ಮೆಟ್ಟಿಲಿದೆ, ಅದರ ಕೆಳಗೆ ಇನ್ನೊಂದರ ತಲೆ ಡಾಂಬರಿನಿಂದ ಎರಡು ಬೆರಳು ಮೇಲೆ ಇಣುಕುತ್ತಿದೆ. ತಳಪಾಯದ ಕಲ್ಲಿಗೆ ಮಾಡಿದ ಉಬ್ಬುಪಟ್ಟಿ ಬಲಕ್ಕೆ ಹೋಗುತ್ತಾ ರಸ್ತೆಯೊಳಗೆ ಮುಳುಗುತ್ತದೆ. ರಸ್ತೆ ಕನಿಷ್ಠ ಒಂದಡಿ ಏರಿದೆ. ಮನೆ ಕುಳ್ಳಗೆ, ಭಾರವಾಗಿ ಕಾಣುವುದಕ್ಕೆ ಇದೇ ಕಾರಣ. ಕಟ್ಟಿದವನಿಗೆ ಅಳತೆಯ ಕಣ್ಣಿರಲಿಲ್ಲ ಎಂದು ಬೈಯುವ ಮೊದಲು ಆ ಒಂದಡಿಯನ್ನು ಮನಸ್ಸಿನಲ್ಲೇ ಅಗೆದು ನೋಡಿ.

ದುರಸ್ತಿಗಳು ಮತ್ತು ಅವುಗಳ ದುಷ್ಪರಿಣಾಮ

ಹಳೆಯ ಗಾರೆ ಎಂದರೆ ಸುಣ್ಣ ಮತ್ತು ಮರಳು, ಕೆಲವೊಮ್ಮೆ ಇಟ್ಟಿಗೆ ಪುಡಿಯ ಸುರ್ಕಿ. ಒಡೆದ ಅಂಚಿನಲ್ಲಿ ನೋಡಿದರೆ ಬಿಳಿಯ ಸುಣ್ಣದ ಕಾಳುಗಳು, ಕೆಂಪು ಚುಕ್ಕಿಗಳು ಕಾಣುತ್ತವೆ. ಅಂಚು ಸವೆದು ಮೆತ್ತಗೆ ಗುಂಡಗಾಗಿರುತ್ತದೆ. ಸಿಮೆಂಟ್ ಒಂದೇ ಸಮ ಬೂದು, ಅಂಚು ಚೂಪು, ಮೇಲ್ಮೈಯಲ್ಲಿ ಬಲೆಯಂಥ ಸಣ್ಣ ಬಿರುಕು. ಭಾರತದಲ್ಲಿ ಸಿಮೆಂಟ್ ತಯಾರಿಕೆ ನೆಲೆ ಕಂಡದ್ದೇ 1914ರಲ್ಲಿ ಪೋರಬಂದರಿನ ಕಾರ್ಖಾನೆಯಿಂದ. ಅದಕ್ಕಿಂತ ಹಳೆಯ ಗೋಡೆಯ ಮೇಲಿನ ಸಿಮೆಂಟನ್ನು ದುರಸ್ತಿ ಎಂದೇ ಹಿಡಿಯಬಹುದು. ಕೆಲವರು ನಿಂಬೆರಸ ಬಿಟ್ಟು ನೊರೆ ಬಂದರೆ ಸುಣ್ಣ ಎನ್ನುತ್ತಾರೆ. ಹಳೆಯ ಸಿಮೆಂಟಿನ ಮೇಲೂ ನೊರೆ ಬರುತ್ತದೆ, ಮನೆಯವರ ಗೋಡೆಗೆ ಕಲೆಯೂ ಆಗುತ್ತದೆ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ, ಅಷ್ಟೇ ಸಾಕು. ಗಾರೆ ಗೋಡೆಯನ್ನು ಬಿಟ್ಟಿದ್ದರೆ ಮಡಕೆ ತಟ್ಟಿದಂತೆ ಪೊಳ್ಳು ಸದ್ದು ಬರುತ್ತದೆ.

ಈ ಮನೆಯ ಬುಡಕ್ಕೆ ಮೂರಡಿ ಎತ್ತರ ಸಿಮೆಂಟ್ ಬಳಿದಿದ್ದಾರೆ. ಗೋಡೆ ತೇವ ಹಿಡಿಯುತ್ತಿತ್ತು ಎಂಬುದೇ ಕಾರಣವಿರಬೇಕು. ರಸ್ತೆ ಏರಿದ ಮೇಲೆ ತೇವ ಬಂದದ್ದು ಸಹಜ. ಮಣ್ಣು ಮತ್ತು ಸುಣ್ಣದ ಗೋಡೆ ಕುಡಿದ ನೀರನ್ನು ಮೊದಲು ಮೈತುಂಬ ಉಸಿರಾಡಿ ಬಿಡುತ್ತಿತ್ತು. ಸಿಮೆಂಟ್ ಆ ದಾರಿಯನ್ನು ಮುಚ್ಚಿತು. ನೀರು ಒಳಗಿಂದೊಳಗೇ ಹತ್ತಿ, ಸಿಮೆಂಟ್ ಮುಗಿಯುವ ಮೂರಡಿಯ ಮೇಲೆ ಹೊರಬಿದ್ದಿದೆ. ನಾಲ್ಕು ಅಡಿಯ ಮಟ್ಟದಲ್ಲಿ ಬಿಳಿ ಉಪ್ಪಿನ ಪಟ್ಟಿ, ಅಲ್ಲಿ ಹಳೆಯ ಗಾರೆ ಹಿಟ್ಟಿನಂತೆ ಉದುರುತ್ತಿದೆ. ಮುಂದಿನ ದುರಸ್ತಿಯಲ್ಲಿ ಸಿಮೆಂಟ್ ಐದಡಿಗೆ ಏರುತ್ತದೆ, ಉಪ್ಪು ಆರಡಿಗೆ.

ಹೆಚ್ಚು ಚಿಂತೆಯ ವಿಷಯ ಶಟರ್. ಎಂಟು ಅಡಿ ಅಗಲದ ತೆರಪು. ಮೇಲಿನ ಮೊದಲ ಮತ್ತು ಎರಡನೆಯ ಕಿಟಕಿಗಳ ನಡುವಿನ ಗೋಡೆಕಂಬ ಸರಿಯಾಗಿ ಆ ತೆರಪಿನ ನಡುವೆ ಬಂದು ಕೂರುತ್ತದೆ. ಮೊದಲು ಅದರ ಕೆಳಗೆ ನೆಲದವರೆಗೂ ಗೋಡೆ ಇತ್ತು, ಈಗ ಒಂದು ತೊಲೆ ಆ ಭಾರವನ್ನು ಹೊತ್ತಿದೆ. ಮೊದಲ ಕಿಟಕಿಯ ಕೆಳಮೂಲೆಯಿಂದ ಶಟರಿನ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕಿಗೆ ಎರಡು ಸಲ ಸಿಮೆಂಟ್ ತುಂಬಿದ್ದಾರೆ. ಎರಡನೆಯ ತುಂಬುವಿಕೆಯ ನಡುವೆ ಮತ್ತೆ ಬಿರುಕು ಬಿಟ್ಟಿದೆ. ತುಂಬಿದ್ದು ಮತ್ತೆ ಬಿಡುವುದೆಂದರೆ ಗೋಡೆ ಇನ್ನೂ ಕದಲುತ್ತಿದೆ. ಬಿರುಕು ಎಷ್ಟು ಅಗಲ, ಅದಕ್ಕೆ ಏನು ನುಗ್ಗುತ್ತದೆ ಎಂದು ಬರೆದುಕೊಳ್ಳಿ (ಇಲ್ಲಿ ಐದು ರೂಪಾಯಿ ನಾಣ್ಯದ ಅಂಚು ನುಗ್ಗುತ್ತದೆ), ಮನೆಯವರಿಗೆ ತಿಳಿಸಿ, ಎಂಜಿನಿಯರ್ ನೋಡಬೇಕು ಎಂದು ಹೇಳಿ. ಬೀದಿಯಲ್ಲಿ ನಿಂತ ಓದು ಇಲ್ಲಿಗೆ ನಿಲ್ಲುತ್ತದೆ.

ಕಿಟಕಿಯ ಸರಳುಗಳನ್ನು ಒಂದು ನಿಮಿಷ ನೋಡಿದರೆ ಸಾಕು. ಹಳೆಯವು ಅಡ್ಡಪಟ್ಟಿಯ ತೂತಿನೊಳಗೆ ಹಾದುಹೋಗಿರುತ್ತವೆ ಅಥವಾ ರಿವೆಟ್ ಹಾಕಿದವು. ಕೂಡುವಲ್ಲಿ ಕರಗಿ ಗಟ್ಟಿಯಾದ ಉಬ್ಬಿದ್ದರೆ ಅದು ವೆಲ್ಡಿಂಗ್, ಈಚಿನದು. ಇಲ್ಲಿ ನಾಲ್ಕನೆಯ ಕಿಟಕಿಯದು ಮಾತ್ರ ವೆಲ್ಡಿಂಗ್.

ಬರೆದುಕೊಳ್ಳುವುದು

ಮುಂಭಾಗದ ಒರಟು ಚಿತ್ರ ಬರೆದು, ಪ್ರತಿಯೊಂದು ಮಾತಿನ ಮುಂದೆ ಮೂರರಲ್ಲಿ ಒಂದನ್ನು ಹಾಕಿ: ಖಚಿತ, ಬಹುಶಃ, ಗೊತ್ತಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗುರುತು ಸಿಕ್ಕರೆ ಮಾತ್ರ ಖಚಿತ. ಜಗಲಿಯ ಮಾಡು: ಗುಳಿ, ಗೂಡು, ಪಕ್ಕದ ಗೋಡೆಯ ಓರೆಗೆರೆ ಮೂರೂ ಇವೆ, ಖಚಿತ. ಮೇಲಂತಸ್ತು ಆಮೇಲಿನದು: ದೋಣಿ ಇದೆ, ಎರಡನೆಯ ಸಾಕ್ಷಿ ಇಲ್ಲ, ಬಹುಶಃ. ಐದನೆಯ ಕಿಟಕಿ: ಬಿರುಕು ಮತ್ತು ಸಮತೋಲದ ಲೆಕ್ಕ. ಲೆಕ್ಕವೇ ನನ್ನನ್ನು ಬಿರುಕಿನ ಹತ್ತಿರ ಕರೆದೊಯ್ದದ್ದರಿಂದ ಎರಡೂ ಸ್ವತಂತ್ರವಲ್ಲ. ಅದಕ್ಕೂ ಬಹುಶಃ ಎಂದೇ ಬರೆದೆ.

ಅಷ್ಟರಲ್ಲಿ ತಿಳಿಹಸಿರು ಭಾಗದ ಅಜ್ಜಿ ಜಗಲಿಗೆ ಬಂದು, “ಏನಪ್ಪ, ಅಷ್ಟು ಹೊತ್ತಿನಿಂದ ಬರೆದುಕೊಳ್ಳುತ್ತಿದ್ದೀಯಲ್ಲ, ರಸ್ತೆ ಅಗಲ ಮಾಡುತ್ತಾರಾ?” ಎಂದು ಕೇಳಿದರು.

“ಇಲ್ಲಮ್ಮ, ಹಳೆಯ ಮನೆಗಳನ್ನು ನೋಡುವುದು ನನ್ನ ಹವ್ಯಾಸ. ಮೇಲೆ ಆ ಬೋಳು ಗೋಡೆಯಲ್ಲಿ ಮೊದಲು ಕಿಟಕಿ ಇತ್ತೇ?”

ಅವರು ಮೇಲಕ್ಕೆ ನೋಡಲೂ ಇಲ್ಲ. “ಭಾಗ ಆದಾಗ ನಮ್ಮ ಪಾಲಿಗೆ ದೇವರ ಮನೆ ಬರಲಿಲ್ಲ. ಅದಕ್ಕೇ ನಮ್ಮ ಯಜಮಾನರು ಹೊರಗಡೆ ಮುಚ್ಚಿಸಿ, ಒಳಗಡೆ ಗೂಡು ಮಾಡಿಸಿದರು. ಬಾ, ಚಪ್ಪಲಿ ಬಿಟ್ಟು ಮೇಲೆ ಬಾ” ಎಂದರು.

ಮೇಲಿನ ಕೋಣೆಯ ಗೋಡೆಯಲ್ಲಿ, ಒಂದು ಗೇಣು ಆಳದ ಕಮಾನಿನೊಳಗೆ, ಹಳೆಯ ಕಿಟಕಿಯ ಹೊಸ್ತಿಲ ಹಲಗೆಯ ಮೇಲೆಯೇ ದೇವರ ಪಟಗಳು ಸಾಲಾಗಿ ಕೂತಿದ್ದವು. ಹಲಗೆಯಲ್ಲಿ ಸರಳು ಕೂರುತ್ತಿದ್ದ ಏಳು ತೂತುಗಳು ಹಾಗೆಯೇ ಇದ್ದವು. ಅವುಗಳಲ್ಲಿ ಒಂದಕ್ಕೆ ಅಜ್ಜಿ ಊದುಬತ್ತಿ ಸಿಕ್ಕಿಸಿದ್ದರು.